ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿದೆ: ಒಣಗಿಸುವ ಮೊದಲು ಬ್ಯಾಟರಿ ಬಿಡಿಸಿ

ಪ್ರಶ್ನೆ: ಸರ್, ಬೆಳಿಗ್ಗೆ ಕೆಲಸ ಮಾಡ್ತಾ ಇದ್ದಾಗ ಅರ್ಧ ಲೋಟ ಕಾಫಿ ಕೀಬೋರ್ಡಿನ ಬಲಗಡೆ ಚೆಲ್ಲಿಬಿಡ್ತು. ಹಾಲು, ಸಕ್ಕರೆ ಎಲ್ಲ ಹಾಕಿದ ಕಾಫಿ. ಎರಡು ನಿಮಿಷ ನಡೀತು, ಆಮೇಲೆ ಸ್ಕ್ರೀನ್ ಕಪ್ಪಾಯ್ತು. ನಾಲ್ಕೈದು ಸಲ ಪವರ್ ಬಟನ್ ಒತ್ತಿದೆ, ಆನ್ ಆಗ್ತಿಲ್ಲ. ಚಾರ್ಜರ್ ಹಾಕಿದ್ರೆ ಲೈಟ್ ಒಂದು ಸಲ ಮಿಣುಕಿ ಹೋಗುತ್ತೆ. ಬ್ಯಾಟರಿ ಒಳಗಡೆ ಇರೋ ಮಾಡೆಲ್. ಈಗ ಅರ್ಧ ಗಂಟೆ ಆಯ್ತು. ಮನೇಲಿ ಅಕ್ಕಿ ಡಬ್ಬದಲ್ಲಿ ಇಡು ಅಂತಿದ್ದಾರೆ, ತಮ್ಮ ಹೇರ್ ಡ್ರೈಯರ್ ತಂದಿದ್ದಾನೆ. ಶಾಲೆಯ ಫೈಲುಗಳೆಲ್ಲ ಅದರಲ್ಲೇ ಇವೆ. ಏನು ಮಾಡಲಿ?
— ಒಬ್ಬ ಶಿಕ್ಷಕಿ, ದಾವಣಗೆರೆ

ಉತ್ತರ: ಚಾರ್ಜರ್ ಇನ್ನೂ ಸಿಕ್ಕಿಸಿದ್ದರೆ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ಲ್ಯಾಪ್‌ಟಾಪಿನಿಂದ ಪಿನ್ ಎಳೆಯಿರಿ. ಪವರ್ ಬಟನ್ ಮತ್ತೆ ಒತ್ತಬೇಡಿ. ಅಕ್ಕಿಯೂ ಬೇಡ, ಡ್ರೈಯರೂ ಬೇಡ. ಇಷ್ಟು ಮಾಡಿ ಬಂದು ಮುಂದಿನದನ್ನು ಓದಿ.

ನಾನು ಹದಿನೈದು ವರ್ಷದಿಂದ ಲ್ಯಾಪ್‌ಟಾಪ್ ಬೋರ್ಡುಗಳ ಚಿಪ್ ಲೆವೆಲ್ ರಿಪೇರಿ ಮಾಡುತ್ತಿದ್ದೇನೆ. ಚಹಾ, ಕಾಫಿ, ಎಳನೀರು, ಸಾರು, ಎಲ್ಲ ಬಿದ್ದ ಬೋರ್ಡುಗಳನ್ನೂ ನೋಡಿದ್ದೇನೆ. ಬಂದವರೆಲ್ಲ ಕೇಳುವ ಮೊದಲ ಮಾತು ಒಂದೇ: "ಒಣಗಿಸಿದರೆ ಸರಿಹೋಗುತ್ತದಾ?" ಒಣಗಿಸುವುದು ಇಲ್ಲಿ ಮೂರನೆಯ ಕೆಲಸ. ಮೊದಲನೆಯದು ಬೋರ್ಡಿಗೆ ಕರೆಂಟು ಹೋಗದಂತೆ ಮಾಡುವುದು. ಎರಡನೆಯದು ತೊಳೆಯುವುದು. ಯಾಕೆ ಅಂತ ಹೇಳುತ್ತೇನೆ.

ಲ್ಯಾಪ್‌ಟಾಪ್ ಆಫ್ ಆಗಿದೆ ಅಂದರೆ ಒಳಗೆ ಕರೆಂಟು ಇಲ್ಲ ಅಂತ ಅರ್ಥವಲ್ಲ. ಬ್ಯಾಟರಿ ಸಿಕ್ಕಿಸಿರುವವರೆಗೂ ಬೋರ್ಡಿನ ಕೆಲವು ಗೆರೆಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ನೀವು ಬಟನ್ ಒತ್ತಿದ್ದು ಗೊತ್ತಾಗಬೇಕಾದರೆ ಯಾವುದೋ ಒಂದು ಚಿಪ್ ಎಚ್ಚರವಾಗಿರಬೇಕು ಅಲ್ವಾ? ಆ ಚಿಪ್ಪಿಗೆ 3.3 ವೋಲ್ಟ್ ಹೋಗುತ್ತಿರುತ್ತದೆ. ಬ್ಯಾಟರಿಯ ಪಿನ್ನುಗಳಲ್ಲಿ ಮಾಡೆಲ್ ನೋಡಿಕೊಂಡು 7ರಿಂದ 15 ವೋಲ್ಟ್ ತನಕ ಇರುತ್ತದೆ. ಚಾರ್ಜರ್ ಹಾಕಿದರೆ ಸಾಮಾನ್ಯವಾಗಿ 19–20 ವೋಲ್ಟ್ ಬರುತ್ತದೆ.

ಈಗ ಅದರ ಮೇಲೆ ಕಾಫಿ ಬಿದ್ದಿದೆ. ಹಾಲಿನಲ್ಲಿ, ಕಾಫಿಯಲ್ಲಿ, ನಮ್ಮ ನಲ್ಲಿ ನೀರಿನಲ್ಲಿ ಕರಗಿದ ಉಪ್ಪುಗಳಿವೆ. ಅವುಗಳಿಂದ ದ್ರವದಲ್ಲಿ ಕರೆಂಟು ಹರಿಯುತ್ತದೆ. ಪಕ್ಕಪಕ್ಕದ ಎರಡು ಪಿನ್ನುಗಳಲ್ಲಿ ಒಂದಕ್ಕೆ ವೋಲ್ಟೇಜ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ವೋಲ್ಟೇಜ್ ಇರುವ ಪಿನ್ನಿನ ಲೋಹ ಕರಗಿ ಪಕ್ಕದ ಪಿನ್ನಿನ ಕಡೆ ಸಾಗುತ್ತದೆ. ಚಿನ್ನದ ನೀರು ಕೊಡಿಸುವಾಗ ಅಕ್ಕಸಾಲಿಗರ ತೊಟ್ಟಿಯಲ್ಲಿ ನಡೆಯುವುದೂ ಇದೇ ಕೆಲಸ. ವ್ಯತ್ಯಾಸ ಏನೆಂದರೆ ಇಲ್ಲಿ ಕರಗುವುದು ಕೂದಲಿನಷ್ಟು ಸಣ್ಣ ತಾಮ್ರದ ಗೆರೆ. ಇದು ನಿಮಿಷಗಳಲ್ಲೇ ಶುರುವಾಗುತ್ತದೆ. ಬ್ಯಾಟರಿ ಬಿಡಿಸಿದ ಕ್ಷಣ ಈ ವೇಗದ ಸವೆತ ನಿಂತುಹೋಗುತ್ತದೆ. ಆಮೇಲೂ ತೇವದಿಂದ ತುಕ್ಕು ಹಿಡಿಯಬಹುದು, ಆದರೆ ಅದು ತುಂಬ ನಿಧಾನ. ತೊಳೆಯಲು ನಮಗೆ ಸಮಯ ಸಿಗುತ್ತದೆ.

ಹಾಗಾಗಿ ನಿಮ್ಮ ಮುಂದಿನ ಅರ್ಧ ಗಂಟೆಯನ್ನು ಬ್ಯಾಟರಿ ಬಿಡಿಸುವುದಕ್ಕೆ ಇಡಿ.

ಅದಕ್ಕೂ ಮೊದಲು ಒಂದು ನೋಡಿಕೊಳ್ಳಬೇಕು. ಸ್ಕ್ರೀನ್ ಕಪ್ಪಾದ ಮಾತ್ರಕ್ಕೆ ಲ್ಯಾಪ್‌ಟಾಪ್ ಆಫ್ ಆಗಿರಬೇಕೆಂದಿಲ್ಲ. ಕಿವಿ ಹತ್ತಿರ ತಂದು ಕೇಳಿ. ಫ್ಯಾನ್ ಸದ್ದು ಬರುತ್ತಿದ್ದರೆ ಅಥವಾ ಯಾವುದಾದರೂ ಲೈಟ್ ಉರಿಯುತ್ತಿದ್ದರೆ ಅದು ಇನ್ನೂ ನಡೆಯುತ್ತಿದೆ. ಹಾಗಿದ್ದರೆ ಮಾತ್ರ ಪವರ್ ಬಟನ್ ಅನ್ನು 10ರಿಂದ 15 ಸೆಕೆಂಡ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ. ಸದ್ದೂ ಇಲ್ಲ, ಲೈಟೂ ಇಲ್ಲ ಅಂದರೆ ಬಟನ್ ಮುಟ್ಟಲೇಬೇಡಿ. ಮುಚ್ಚಳವನ್ನೂ ಮುಚ್ಚಿ ತೆರೆಯುವುದು ಬೇಡ. ಕೆಲವು ಮಾಡೆಲ್‌ಗಳು, ಮುಖ್ಯವಾಗಿ ಈಚಿನ ಮ್ಯಾಕ್‌ಬುಕ್‌ಗಳು, ಮುಚ್ಚಳ ತೆರೆದ ತಕ್ಷಣ ಅಥವಾ ಚಾರ್ಜರ್ ಹಾಕಿದ ತಕ್ಷಣ ತಾವಾಗಿಯೇ ಆನ್ ಆಗುತ್ತವೆ.

ಮೌಸ್, ಪೆನ್ ಡ್ರೈವ್, ಡಾಂಗಲ್ ಎಲ್ಲ ತೆಗೆದುಬಿಡಿ. ಮೇಲೆ ನಿಂತ ಕಾಫಿಯನ್ನು ಹತ್ತಿ ಬಟ್ಟೆಯಿಂದ ಒತ್ತಿ ಹೀರಿಸಿ. ಉಜ್ಜಬೇಡಿ, ಉಜ್ಜಿದರೆ ಕೀಗಳ ಸಂದಿಗೆ ಇಳಿಯುತ್ತದೆ. ಆಮೇಲೆ ಮೇಜಿನ ಅಂಚಿನಲ್ಲಿ ದಪ್ಪ ಟವೆಲ್ ಹಾಸಿ, ಕೀಬೋರ್ಡ್ ಟವೆಲ್ ಮೇಲೆ ಬೋರಲಾಗಿ ಬರುವಂತೆ ಮಗುಚಿ. ಸ್ಕ್ರೀನ್ ಮೇಜಿನ ಅಂಚಿನಿಂದ ಕೆಳಗೆ ಇಳಿಬಿದ್ದಿರಲಿ. ಕಾಫಿ ಕೀಬೋರ್ಡಿನ ಕಡೆಯಿಂದ ಬಂದಿದೆ, ಅದೇ ದಾರಿಯಲ್ಲಿ ಹೊರಗೆ ಹೋಗಬೇಕು. ಬೋರ್ಡ್ ಇರುವುದು ಕೀಬೋರ್ಡಿನ ಅಡಿಯಲ್ಲಿ. ಲ್ಯಾಪ್‌ಟಾಪ್ ನೆಟ್ಟಗೆ ಇದ್ದಷ್ಟು ಹೊತ್ತು ಕಾಫಿ ಬೋರ್ಡಿನ ಮೇಲೆ ಇಳಿಯುತ್ತಲೇ ಇರುತ್ತದೆ. ಒದರಬೇಡಿ, ಅತ್ತಿತ್ತ ವಾಲಿಸಿ ನೋಡಬೇಡಿ. ಈಗ ಒದ್ದೆಯಾಗಿರುವುದು ಬಲಗಡೆ ಮಾತ್ರ. ವಾಲಿಸಿದರೆ ಎಡಗಡೆಗೂ ಹೋಗುತ್ತದೆ.

ಹೀಗೆ ಬೋರಲು ಹಾಕಿದಾಗ ಹಿಂಬದಿಯ ತಟ್ಟೆ ಮೇಲೆ ಬರುತ್ತದೆ. ಬ್ಯಾಟರಿ ಬಿಡಿಸಲು ಅದೇ ಬೇಕು. ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೆ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಮೊಬೈಲ್ ರಿಪೇರಿ ಸೆಟ್‌ನಲ್ಲಿ ಇರುತ್ತದೆ. ಮ್ಯಾಕ್‌ಬುಕ್‌ಗೆ ಐದು ಎಸಳಿನ ಬೇರೆ ಬಿಟ್ ಬೇಕು. ಎಲ್ಲ ಸ್ಕ್ರೂ ಬಿಚ್ಚಿದರೂ ತಟ್ಟೆ ಏಳದಿದ್ದರೆ ರಬ್ಬರ್ ಕಾಲುಗಳ ಅಡಿಯಲ್ಲಿ ಒಂದೆರಡು ಅಡಗಿರಬಹುದು. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಬಿಚ್ಚಿದ ಜಾಗದ ಚಿತ್ರ ಒಂದು ಹಾಳೆಯಲ್ಲಿ ಬರೆದು ಅಲ್ಲಲ್ಲೇ ಅಂಟಿಸಿಡಿ. ಅಂಚನ್ನು ಹಳೇ ಎಟಿಎಂ ಕಾರ್ಡಿನಿಂದ ಎಬ್ಬಿಸಿ, ಚಾಕು ಹಾಕಬೇಡಿ. ಒಳಗೆ ಕಪ್ಪಗೆ, ಅಗಲವಾಗಿ ಇರುವುದು ಬ್ಯಾಟರಿ. ಅದರಿಂದ ಬೋರ್ಡಿಗೆ ಹೋಗುವ ವೈರುಗಳ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಕನೆಕ್ಟರ್ ಇರುತ್ತದೆ. ಅದನ್ನು ಹೆಚ್ಚಾಗಿ ಬ್ಯಾಟರಿಯ ಕಡೆಗೆ ಅಡ್ಡವಾಗಿ ಜಾರಿಸಿ ತೆಗೆಯಬೇಕು. ಕೆಲವದರಲ್ಲಿ ಮೇಲೆ ಒಂದು ತಂತಿಯ ಕೊಂಡಿ ಇರುತ್ತದೆ, ಅದನ್ನು ಮೊದಲು ಎತ್ತಬೇಕು. ವೈರು ಹಿಡಿದು ಎಳೆಯಬೇಡಿ. ಉಗುರು ಅಥವಾ ಪ್ಲಾಸ್ಟಿಕ್ ಕಡ್ಡಿ ಬಳಸಿ. ಅಲ್ಲಿ ಲೋಹದ ಸ್ಕ್ರೂಡ್ರೈವರ್ ಜಾರಿದರೆ ಆ ಶಾರ್ಟ್ ಒಂದೇ ಬೋರ್ಡ್ ಸುಡಬಲ್ಲದು. ಕೆಲವು ಮಾಡೆಲ್‌ಗಳಲ್ಲಿ ಗುಂಡಿ ಆಕಾರದ ಸಣ್ಣ ಬ್ಯಾಟರಿಯೂ ಒಂದಿರುತ್ತದೆ, ಕಂಡರೆ ಅದನ್ನೂ ಬಿಡಿಸಿ.

ಕೈ ನಡುಗುತ್ತದೆ ಅನ್ನಿಸಿದರೆ ಇದನ್ನು ನೀವೇ ಮಾಡಬೇಕೆಂದಿಲ್ಲ. ಹತ್ತಿರದ ಮೊಬೈಲ್ ಅಥವಾ ಕಂಪ್ಯೂಟರ್ ಅಂಗಡಿಗೆ ಬೋರಲಾಗಿ ಹಿಡಿದುಕೊಂಡೇ ಹೋಗಿ, "ಹಿಂದೆ ಓಪನ್ ಮಾಡಿ ಬ್ಯಾಟರಿ ಕನೆಕ್ಟರ್ ಬಿಡಿಸಿಕೊಡಿ, ಬೇರೇನೂ ಬೇಡ" ಅಂತ ಹೇಳಿ. ಐದು ನಿಮಿಷದ ಕೆಲಸ. ಒಳ್ಳೆಯ ಸರ್ವಿಸ್ ಸೆಂಟರ್ ಹುಡುಕುವುದು, ಸಂಜೆ ಹೋಗುವುದು ಎಲ್ಲ ಆಮೇಲೆ. ಬ್ಯಾಟರಿ ಉಬ್ಬಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಸುಯ್ ಎನ್ನುವ ಸದ್ದೋ ವಿಚಿತ್ರ ವಾಸನೆಯೋ ಬಂದರೆ ಮಾತ್ರ ಬಿಚ್ಚಲು ಹೋಗಬೇಡಿ. ಎತ್ತಲು ಆಗುವ ಹಾಗಿದ್ದರೆ ಮನೆಯ ಹೊರಗೆ ಬರೀ ನೆಲದ ಮೇಲೆ ಇಟ್ಟು ದೂರ ಬನ್ನಿ. ಹೊಗೆಯೇ ಬರುತ್ತಿದ್ದರೆ ಮುಟ್ಟುವುದೂ ಬೇಡ, ಮನೆಯವರನ್ನೆಲ್ಲ ಕರೆದುಕೊಂಡು ಆಚೆ ಹೋಗಿ.

ತಟ್ಟೆ ಬಿಚ್ಚುವ ಮೊದಲು ಬಿಲ್ ಒಮ್ಮೆ ನೋಡಿ. ಸಾಮಾನ್ಯ ವಾರಂಟಿಯಲ್ಲಿ ದ್ರವ ಬಿದ್ದದ್ದು ಸೇರುವುದಿಲ್ಲ. ಆದರೆ ಆಕ್ಸಿಡೆಂಟಲ್ ಡ್ಯಾಮೇಜ್ ಅಂತ ಬೇರೆ ಪ್ಲಾನ್ ತೆಗೆದುಕೊಂಡಿದ್ದರೆ ಮೊದಲು ಅವರಿಗೆ ಫೋನ್ ಮಾಡಿ, ಬ್ಯಾಟರಿ ಬಿಡಿಸಬಹುದಾ ಅಂತ ಕೇಳಿ. ಏನೂ ಬಿದ್ದಿಲ್ಲ ಅಂತ ಸುಳ್ಳು ಹೇಳಬೇಡಿ. ಅನೇಕ ಲ್ಯಾಪ್‌ಟಾಪ್‌ಗಳ ಒಳಗೆ ತೇವ ತಾಗಿದರೆ ಬಿಳಿಯಿಂದ ಕೆಂಪಾಗುವ ಸಣ್ಣ ಸ್ಟಿಕ್ಕರ್ ಇರುತ್ತದೆ.

ಇನ್ನು ಮನೆಯವರು ಹೇಳುತ್ತಿರುವ ಅಕ್ಕಿ. ಅಕ್ಕಿ ಡಬ್ಬದ ಗಾಳಿಯ ತೇವವನ್ನು ಸ್ವಲ್ಪ ಹೀರಬಹುದು. ಬೋರ್ಡಿನ ಚಿಪ್ಪಿನ ಅಡಿಯಲ್ಲಿ ಸೇರಿದ ಕಾಫಿಯನ್ನು ಅದು ಎಳೆಯಲಾರದು. ಅಕ್ಕಿಯ ಹುಡಿ ಒದ್ದೆ ಪೋರ್ಟುಗಳಲ್ಲಿ, ಫ್ಯಾನಿನಲ್ಲಿ ಅಂಟಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಬೇರೆ. ಅಕ್ಕಿಯಲ್ಲಿ ಮೂರು ದಿನ ಇಟ್ಟವರು ಬ್ಯಾಟರಿ ಬಿಡಿಸಿರುವುದಿಲ್ಲ. ಏನೋ ಮಾಡಿದ್ದೇವೆ ಅನ್ನುವ ಸಮಾಧಾನದಲ್ಲಿ ಇರುತ್ತಾರೆ, ಒಳಗೆ ಲೋಹ ಕರಗುತ್ತಾ ಇರುತ್ತದೆ. ಡ್ರೈಯರಿನ ಬಿಸಿ ಗಾಳಿ ಕಾಫಿಯನ್ನು ಇನ್ನೂ ಒಳಕ್ಕೆ ತಳ್ಳುತ್ತದೆ, ಸಕ್ಕರೆಯನ್ನು ಪಾಕದ ಹಾಗೆ ಅಂಟಿಸುತ್ತದೆ, ಕೀಗಳನ್ನು ಬಾಗಿಸುತ್ತದೆ. ಬಿಸಿಲಿಗೆ ಇಡುವುದೂ ಬೇಡ, ಬ್ಯಾಟರಿಗೂ ಸ್ಕ್ರೀನಿಗೂ ಆಗುವುದಿಲ್ಲ. ಬೋರಲು ಹಾಕಿ, ಮೇಲಿನಿಂದ ಸೀಲಿಂಗ್ ಫ್ಯಾನ್ ಗಾಳಿ ಬಿಡಿ. ಮೊದಲ ಗಂಟೆಗೆ ಅಷ್ಟೇ ಸಾಕು.

ಸಾದಾ ನೀರಾಗಿದ್ದರೆ ಕಥೆ ಸ್ವಲ್ಪ ಹಗುರ. ನಿಮ್ಮದು ಹಾಲು, ಸಕ್ಕರೆ ಇರುವ ಕಾಫಿ, ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನೀರು ಆರಿಹೋದರೂ ಸಕ್ಕರೆ, ಹಾಲಿನ ಉಪ್ಪು ಬೋರ್ಡಿನ ಮೇಲೆ ಉಳಿಯುತ್ತವೆ. ಬೇಸಿಗೆಯಲ್ಲಿ ಅದು ಒಣ ಪೊರೆಯ ಹಾಗೆ ಸುಮ್ನೆ ಕೂತಿರುತ್ತದೆ. ಮಳೆ ಶುರುವಾದ ಮೇಲೆ ಗಾಳಿಯ ತೇವವನ್ನು ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ಬೆಲ್ಲದ ಅಚ್ಚು ಮಳೆಗಾಲದಲ್ಲಿ ಜಿನುಗುವುದನ್ನು ನೋಡಿದ್ದೀರಲ್ಲ, ಹಾಗೆ. ಅಷ್ಟು ತೇವ ಸಾಕು, ನಿಂತಿದ್ದ ಸವೆತ ಮತ್ತೆ ಶುರುವಾಗಲು.

ಹೀಗೆ ಆದ ಒಂದು ಬೋರ್ಡ್ ನೆನಪಿದೆ. ಇಂಜಿನಿಯರಿಂಗ್ ಓದುವ ಹುಡುಗನದು. ಮೇ ಕೊನೆಯಲ್ಲಿ ಚಹಾ ಚೆಲ್ಲಿತ್ತು. ಮೂರು ದಿನ ಅಕ್ಕಿಯಲ್ಲಿ ಇಟ್ಟು ಆನ್ ಮಾಡಿದ, ಆನ್ ಆಯಿತು. ಸರಿಹೋಯಿತು ಅಂತ ಪ್ರಾಜೆಕ್ಟ್ ಕೆಲಸ ಮುಂದುವರಿಸಿದ. ಸುಮಾರು ಎರಡು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ಸ್ಕ್ರೀನ್ ಮಂಕಾಯಿತು. ಟಾರ್ಚ್ ಬಿಟ್ಟು ನೋಡಿದರೆ ಮಾತ್ರ ಅಕ್ಷರ ಕಾಣುತ್ತಿತ್ತು. ಅವನು ಹಾಗೇ ಟಿವಿಗೆ ಕೇಬಲ್ ಹಾಕಿಕೊಂಡು ಇನ್ನೂ ಎರಡು ದಿನ ಓಡಿಸಿದ. ಮೂರನೆಯ ದಿನ ಪೂರ್ತಿ ನಿಂತುಹೋಯಿತು.

ಬೋರ್ಡ್ ಹೊರಗೆ ತೆಗೆದಾಗ ಡಿಸ್‌ಪ್ಲೇ ಕೇಬಲ್ ಸಿಕ್ಕಿಸುವ ಕನೆಕ್ಟರಿನ ಸುತ್ತ ಹಸಿರು ಹುಡಿ ಕಟ್ಟಿತ್ತು. ಆ ಕನೆಕ್ಟರ್ ತುಂಬ ಸೂಕ್ಷ್ಮ ಜಾಗ. ಸ್ಕ್ರೀನಿನ ಹಿಂದಿನ ಬೆಳಕಿಗೆ ಹೋಗುವ ಪಿನ್ನಿನಲ್ಲಿ 20 ವೋಲ್ಟಿಗಿಂತ ಜಾಸ್ತಿ ಇರಬಹುದು. ಅದೇ ಸಾಲಿನಲ್ಲಿರುವ ಚಿತ್ರದ ಸಿಗ್ನಲ್ ಪಿನ್ನುಗಳಲ್ಲಿ ಒಂದು ವೋಲ್ಟೂ ಇರುವುದಿಲ್ಲ, ಮತ್ತೆ ಅವು ಎಷ್ಟೋ ಬೋರ್ಡುಗಳಲ್ಲಿ ನೇರ ಪ್ರೊಸೆಸರಿಗೆ ಹೋಗುತ್ತವೆ. ಎರಡರ ನಡುವೆ ಅಂಟು ಕೂತರೆ ದೊಡ್ಡ ವೋಲ್ಟೇಜ್ ಪ್ರೊಸೆಸರಿಗೇ ನುಗ್ಗುತ್ತದೆ. ಆ ಹುಡುಗನ ಬೋರ್ಡಿನಲ್ಲಿ ಹಾಗೆಯೇ ಆಗಿತ್ತು. ಕನೆಕ್ಟರ್ ಬದಲಿಸಿದೆ, ಫ್ಯೂಸ್ ಹಾಕಿದೆ, ಪ್ರೊಸೆಸರ್ ಏಳಲಿಲ್ಲ. ಚಹಾ ಚೆಲ್ಲಿದ ದಿನವೇ ತೊಳೆದಿದ್ದರೆ ಬಹುಶಃ ಕೀಬೋರ್ಡ್ ಒಂದರಲ್ಲೇ ಮುಗಿಯುತ್ತಿತ್ತು. ಆನ್ ಆಯಿತು ಅನ್ನುವುದನ್ನು ನಂಬಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ನಿಮ್ಮ ಲ್ಯಾಪ್‌ಟಾಪಿಗೆ ಬರೋಣ. ಆನ್ ಆಗುತ್ತಿಲ್ಲ ಅಂದಮಾತ್ರಕ್ಕೆ ಸುಟ್ಟುಹೋಗಿದೆ ಅಂದುಕೊಳ್ಳಬೇಡಿ. ಚಾರ್ಜರಿನ ಲೈಟ್ ಒಮ್ಮೆ ಮಿಣುಕಿ ಹೋಗುತ್ತದೆ ಅಂದಿದ್ದೀರಿ. ಬೋರ್ಡಿನಲ್ಲಿ ಎಲ್ಲೋ ಶಾರ್ಟ್ ಇದ್ದಾಗ ಚಾರ್ಜರ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ, ಆಗ ಹೀಗೆ ಕಾಣುತ್ತದೆ. ಆ ಶಾರ್ಟ್ ಒಂದು ಸಣ್ಣ ಕೆಪಾಸಿಟರ್ ಆಗಿರಬಹುದು, ಅಥವಾ ಪಿನ್ನುಗಳ ನಡುವೆ ನಿಂತ ಕಾಫಿಯೇ ಆಗಿರಬಹುದು. ಎಷ್ಟೋ ಮಾಡೆಲ್‌ಗಳಲ್ಲಿ ಪವರ್ ಬಟನ್ ಇರುವುದು ಕೀಬೋರ್ಡಿನ ಬಲ ಮೂಲೆಯಲ್ಲಿ, ಕೀಬೋರ್ಡಿನದೇ ಭಾಗವಾಗಿ. ನಿಮ್ಮ ಕಾಫಿ ಬಿದ್ದದ್ದೂ ಬಲಗಡೆ. ಆ ಬಟನ್ನಿನ ಪದರ ಒದ್ದೆಯಾದರೆ ಬೋರ್ಡಿಗೆ ಯಾರೋ ಬಟನ್ ಒತ್ತಿ ಹಿಡಿದ ಹಾಗೆ ಕಾಣುತ್ತದೆ, ಆಗಲೂ ಆನ್ ಆಗುವುದಿಲ್ಲ. ಬರೀ ಅದಾಗಿದ್ದರೆ ಕೀಬೋರ್ಡ್ ಬದಲಿಸಿದರೆ ಸರಿಹೋಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಸಕ್ಕರೆ ಕಾಫಿ ಕುಡಿದ ಕೀಬೋರ್ಡ್ ಸಾಮಾನ್ಯವಾಗಿ ಉಳಿಯುವುದಿಲ್ಲ. ಒಳಗಿನ ಪದರಗಳನ್ನು ತೊಳೆಯಲು ಆಗುವುದಿಲ್ಲ. ಅದರ ಆಸೆ ಬಿಡಿ, ಬೋರ್ಡ್ ಉಳಿಸಿಕೊಳ್ಳೋಣ.

ಬೋರ್ಡ್ ತೊಳೆಯುವುದನ್ನು ಮನೆಯಲ್ಲಿ ಮಾಡಿ ಅಂತ ನಿಮಗೆ ಹೇಳುವುದಿಲ್ಲ. ಬೋರ್ಡನ್ನು ಪೂರ್ತಿ ಹೊರಗೆ ತೆಗೆದು ಎರಡೂ ಬದಿ ತೊಳೆಯಬೇಕು. ಮೇಲಿಂದ ಒರೆಸಿದರೆ ಚಿಪ್ಪುಗಳ ಅಡಿಯದು ಹಾಗೇ ಉಳಿಯುತ್ತದೆ. ಆದರೆ ಅಂಗಡಿಯಲ್ಲಿ ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತಿರಲಿ. ಹೆಚ್ಚಿನವರು ಐಪಿಎ ಹಾಕಿ ಬ್ರಶ್‌ನಿಂದ ಉಜ್ಜುತ್ತಾರೆ. ಐಸೊಪ್ರೊಪೈಲ್ ಆಲ್ಕೊಹಾಲ್, 99 ಪರ್ಸೆಂಟಿನದು. ಅದು ನೀರನ್ನು ಎಳೆದುಕೊಂಡು ಬೇಗ ಆರಿಹೋಗುತ್ತದೆ, ಒಳ್ಳೆಯದೇ. ಆದರೆ ಸಕ್ಕರೆ ಅದರಲ್ಲಿ ಕರಗುವುದಿಲ್ಲ ಅನ್ನಬಹುದು. ಹಾಲು, ಸಕ್ಕರೆಯ ಬೋರ್ಡನ್ನು ಮೊದಲು ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಬೇಕು. ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇವಲ್ಲ, ಆ ಉಪ್ಪಿಲ್ಲದ ನೀರು. ಆಮೇಲೆ ಐಪಿಎಯಲ್ಲಿ ತೊಳೆದು ಆ ನೀರನ್ನು ತೆಗೆಯಬೇಕು. ಅಲ್ಟ್ರಾಸಾನಿಕ್ ಕ್ಲೀನರ್ ಇದ್ದವರು ಅದರಲ್ಲಿ ಹಾಕುತ್ತಾರೆ, ಚಿಪ್ಪಿನ ಅಡಿಗೂ ಮುಟ್ಟುತ್ತದೆ. ಬ್ಯಾಟರಿ ಇಲ್ಲದ ಬೋರ್ಡಿಗೆ ಶುದ್ಧ ನೀರಿನಿಂದ ಭಯವಿಲ್ಲ, ಪೂರ್ತಿ ಒಣಗಿಸಿದರೆ ಆಯಿತು. ಕೈಗೆ ಹಾಕುವ ಸ್ಯಾನಿಟೈಜರ್ ಮಾತ್ರ ಎಲ್ಲೂ ಹಾಕಬೇಡಿ. ಅದರಲ್ಲಿ ನೀರೂ ಇದೆ, ಗ್ಲಿಸರಿನ್ನಂತಹ ಅಂಟೂ ಇದೆ.

ಈ ತೊಳೆಯುವ ಕೆಲಸ ಇವತ್ತೇ, ತಡವಾದರೆ ನಾಳೆಯೊಳಗೆ ಆಗಲಿ. ಅಂಗಡಿಯಲ್ಲಿ ಮೂರು ವಿಷಯ ಕೇಳಿ. ಬೋರ್ಡ್ ಪೂರ್ತಿ ಹೊರಗೆ ತೆಗೆದು ತೊಳೆಯುತ್ತೀರಾ? ಪವರ್ ಕೊಡುವ ಮೊದಲು ಮೀಟರ್‌ನಲ್ಲಿ ಶಾರ್ಟ್ ಚೆಕ್ ಮಾಡುತ್ತೀರಾ? ಡಿಸ್‌ಪ್ಲೇ ಕನೆಕ್ಟರನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತೀರಾ? "ಹೀಟ್ ಕೊಟ್ಟು ನೋಡೋಣ, ಮೊದಲು ಚಾರ್ಜರ್ ಹಾಕಿ ಚೆಕ್ ಮಾಡೋಣ" ಅನ್ನುವವರ ಕೈಗೆ ಕೊಡಬೇಡಿ. ಅವರಿಗೆ ಏನು ಬಿತ್ತು, ಎಲ್ಲಿ ಬಿತ್ತು, ಎಷ್ಟು ಸಲ ಬಟನ್ ಒತ್ತಿದಿರಿ ಅಂತ ನನಗೆ ಹೇಳಿದ ಹಾಗೆಯೇ ಹೇಳಿ. ಹುಡುಕುವ ಸಮಯ ಅರ್ಧ ಉಳಿಯುತ್ತದೆ.

ಶಾಲೆಯ ಫೈಲುಗಳ ಬಗ್ಗೆ ಗಾಬರಿ ಬೇಡ. ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಫೈಲುಗಳು ಇರುವ ಎಸ್‌ಎಸ್‌ಡಿ ಚೂಯಿಂಗ್ ಗಮ್ ಪಟ್ಟಿಯಷ್ಟಿರುವ ಬೇರೆ ಕಾರ್ಡ್. ಒಂದು ಸ್ಕ್ರೂ ಬಿಚ್ಚಿದರೆ ಹೊರಗೆ ಬರುತ್ತದೆ. ಅದಕ್ಕೆ ಕಾಫಿ ತಾಗಿರದಿದ್ದರೆ, ಅಥವಾ ತಾಗಿದ್ದನ್ನು ತೊಳೆದು ಒಣಗಿಸಿದ್ದರೆ, ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ಹಾಗಾಗಿ ರಿಪೇರಿ ಶುರು ಮಾಡುವ ಮೊದಲೇ ಅದನ್ನು ತೆಗೆಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಈಚಿನ ಮ್ಯಾಕ್‌ಬುಕ್‌ಗಳಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಸ್ಟೋರೇಜ್ ಬೋರ್ಡಿನಲ್ಲೇ ಬೆಸೆದಿರುತ್ತದೆ, ಫೈಲು ಬೇಕಾದರೆ ಬೋರ್ಡನ್ನೇ ಎಬ್ಬಿಸಬೇಕು. ಫೈಲು ಮುಖ್ಯವಾಗಿದ್ದರೆ, ಬೋರ್ಡ್ ಬದಲಿಸಿ ಅಂತ ಅಲ್ಲಿ ಒಪ್ಪಿಕೊಳ್ಳಬೇಡಿ.

ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಬೀಗ ಹಾಕಿಕೊಂಡಿರಬಹುದು, ನಿಮಗೆ ಗೊತ್ತಿಲ್ಲದೆಯೇ. ಆಗ ಬೇರೆ ಕಂಪ್ಯೂಟರ್ 48 ಅಂಕಿಯ ಕೀ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಅದು ಸೇವ್ ಆಗಿರುವ ಸಾಧ್ಯತೆ ಜಾಸ್ತಿ. ಅಂಗಡಿಗೆ ಹೋಗುವ ದಾರಿಯಲ್ಲಿ ಫೋನಿನಲ್ಲೇ ಲಾಗಿನ್ ಆಗಿ ಇಲ್ಲಿ ನೋಡಿ:

```
aka.ms/myrecoverykey
```

ಸಿಕ್ಕರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ರಿಪೇರಿಯಲ್ಲಿ ಬೋರ್ಡ್ ಬದಲಾದರೂ ಇದೇ ಕೀ ಬೇಕಾಗುತ್ತದೆ.

ಲ್ಯಾಪ್‌ಟಾಪ್ ರಿಪೇರಿಯಾಗಿ ಆನ್ ಆದ ಮೇಲೆ ಬೇರೆ ಯಾವ ಕೆಲಸಕ್ಕೂ ಮೊದಲು ಶಾಲೆಯ ಫೋಲ್ಡರನ್ನು ಪೆನ್ ಡ್ರೈವಿಗೆ ಕಾಪಿ ಮಾಡಿ. ಈ ಮಳೆಗಾಲ ಮುಗಿಯುವ ತನಕ ವಾರಕ್ಕೊಮ್ಮೆ ಹಾಗೆ ಮಾಡುತ್ತಿರಿ. ಸ್ಕ್ರೀನ್ ಮಂಕಾದರೆ, ಚಾರ್ಜ್ ಆಗುವುದು ನಿಂತರೆ, ತಾನಾಗಿಯೇ ಆಫ್ ಆದರೆ, ಇನ್ನೊಂದು ಸಲ ಆನ್ ಮಾಡಿ ನೋಡಬೇಡಿ. ಬ್ಯಾಟರಿ ಬಿಡಿಸಿಕೊಂಡು ತೊಳೆದವರ ಹತ್ತಿರವೇ ವಾಪಸ್ ಹೋಗಿ.